ರಂಗೋಲಿ ಸ್ಪರ್ಧೆಯ ಫಲಿತಾಂಶ: ಗ್ರೂಪಿಗೆ ಹಾಕುವ ಮುನ್ನ

ಹುಬ್ಬಳ್ಳಿ-ಧಾರವಾಡದ ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ರಂಗೋಲಿ ಸ್ಪರ್ಧೆಯ ಫಲಿತಾಂಶ ಬಂದ ಮೇಲೆ ಜಗಳ ಹುಟ್ಟುವುದು ಹೆಚ್ಚಾಗಿ ತೀರ್ಪಿನಿಂದಲ್ಲ, ಬರೆದ ರೀತಿಯಿಂದ. ‘ಪ್ರಥಮ: ಶ್ರೀಮತಿ ಪಾಟೀಲ’ ಎಂದಷ್ಟೇ ಹಾಕಿದರೆ ಮುಗೀತು, ಒಂದೇ ಬ್ಲಾಕಿನಲ್ಲಿ ಮೂರು ಮನೆ ಪಾಟೀಲರು ಇರುತ್ತಾರೆ.

ಮೊದಲ ಕೆಲಸ ಚೀಟಿ ತಾಳೆ ನೋಡುವುದು. ನಿರ್ಣಾಯಕರಿಗೆ ಹೆಸರು ಕಾಣಬಾರದೆಂದು ರಂಗೋಲಿಯ ಪಕ್ಕ ನಂಬರಿನ ಚೀಟಿ ಇಟ್ಟಿರುತ್ತೀರಿ. ಆ ಚೀಟಿ ಫೋಟೋದೊಳಗೇ ಬರಬೇಕು. ಗಾಳಿಗೆ ಹಾರಿಹೋದ ಚೀಟಿಯನ್ನು ಯಾರೋ ಪಕ್ಕದ ರಂಗೋಲಿಗೆ ಇಟ್ಟರೆ ಬಹುಮಾನವೇ ಅದಲುಬದಲು. ಅದಕ್ಕೆ ಚೀಟಿಯ ಮೇಲೆ ಕಲ್ಲಿಡಿ. ಫೋಟೋವನ್ನು ಸ್ಟೂಲ್ ಹತ್ತಿ ಮೇಲಿನಿಂದ ತೆಗೆಯಿರಿ. ಓರೆಯಾಗಿ ತೆಗೆದರೆ ದುಂಡನೆಯ ಮಂಡಲ ಚಪ್ಪಟೆಯಾಗಿ ಕಾಣುತ್ತದೆ, ‘ಇದಕ್ಕ ಯಾಕ ಫಸ್ಟ್ ಕೊಟ್ರಿ?’ ಅನ್ನುವ ಪ್ರಶ್ನೆ ಬರುತ್ತದೆ.

ಎರಡನೆಯದು ಅಂಕ, ನಿಜವಾದ ತೊಡಕು ಇಲ್ಲೇ. ಮೂವರು ನಿರ್ಣಾಯಕರು, ಒಬ್ಬೊಬ್ಬರಿಗೆ 50 ಅಂಕ ಎಂದಿಟ್ಟುಕೊಳ್ಳಿ: ಎಳೆಗೆ 20, ಬಣ್ಣಕ್ಕೆ 15, ಹೊಸತನಕ್ಕೆ 10, ಸ್ವಚ್ಛತೆಗೆ 5. ಇಬ್ಬರು ಸ್ಪರ್ಧಿಗಳಿಗೆ ತಲಾ 150ಕ್ಕೆ 128 ಬಂದಿದೆ. ಪ್ರಥಮ ಯಾರೆಂದು ಚೀಟಿ ಎತ್ತಿ ನಿರ್ಧರಿಸಬೇಡಿ. ಎಳೆಯ ಅಂಕವನ್ನಷ್ಟೇ ಕೂಡಿಸಿ. ಒಬ್ಬರಿಗೆ 60ಕ್ಕೆ 54, ಇನ್ನೊಬ್ಬರಿಗೆ 51 ಇದ್ದರೆ 54ರವರೇ ಪ್ರಥಮ. ಈ ನಿಯಮವನ್ನು ಸ್ಪರ್ಧೆಗೆ ಮುಂಚೆಯೇ ಹೇಳಿರಬೇಕು, ಫಲಿತಾಂಶದಲ್ಲೂ ಒಂದು ಸಾಲು ಬರೆಯಬೇಕು. ಎಲ್ಲರ ಅಂಕಪಟ್ಟಿ ಮಾತ್ರ ಗ್ರೂಪಿಗೆ ಬೇಡ. ಕೇಳಿದವರಿಗೆ ಅವರದಷ್ಟೇ ತೋರಿಸಿ.

ಬರೆಯುವಾಗ ವಿಜೇತರು ಮೇಲೆ, ಧನ್ಯವಾದ ಕೆಳಗೆ. ಹೀಗೆ:

‘ಪ್ರಥಮ: (ಪೂರ್ತಿ ಹೆಸರು), ಬಿ-304, ಚೀಟಿ 11. 13ರಿಂದ 7ರ ಸಂದು ಚುಕ್ಕಿ. ಕೊನೆಯ ಸುತ್ತಿನವರೆಗೂ ಎಳೆ ಒಂದೇ ದಪ್ಪ. ದ್ವಿತೀಯ ಸ್ಥಾನದವರೊಂದಿಗೆ ಅಂಕ ಸಮ ಬಂದಿದ್ದರಿಂದ ಎಳೆಯ ಅಂಕ ನೋಡಿ ನಿರ್ಧರಿಸಲಾಗಿದೆ.’

ಕಾರಣದ ಆ ಒಂದು ಸಾಲು ಬಿಡಬೇಡಿ. ‘ಅತ್ಯದ್ಭುತ’ ಅನ್ನುವುದು ಕಾರಣವಲ್ಲ.

ಹೂವಿನ ಅಂಚಿನ ರೆಡಿಮೇಡ್ ಪೋಸ್ಟರ್ ಆ್ಯಪುಗಳನ್ನು ದೂರವಿಡುವುದೇ ಲೇಸು. ಎಷ್ಟೋ ಆ್ಯಪುಗಳಲ್ಲಿ ಒತ್ತಕ್ಷರ ಒಡೆದು ‘ದ್ವಿತೀಯ’ ಹೋಗಿ ‘ದ್‌ವಿತೀಯ’ ಆಗುತ್ತದೆ. ಸಾದಾ ಮೆಸೇಜು ಟೈಪ್ ಮಾಡಿ, ಫೋಟೋ ಬೇರೆ ಹಾಕಿ. ಹೆಸರನ್ನು ನೋಂದಣಿ ಪುಸ್ತಕದಲ್ಲಿ ಅವರೇ ಬರೆದಂತೆ ಬರೆಯಿರಿ.

ನಿರ್ಣಾಯಕರಿಗೆ ಧನ್ಯವಾದ ಹೇಳುವಾಗ ಹೆಸರಿನ ಜೊತೆ ಅವರ ಕಸುಬನ್ನೂ ಹೇಳಿ: ಚಿತ್ರಕಲಾ ಶಿಕ್ಷಕಿ, ಹೀಗೆ. ಅವರಲ್ಲೊಬ್ಬರು ನಿಮ್ಮ ಅಪಾರ್ಟ್‌ಮೆಂಟಿನವರೇ ಆಗಿದ್ದರೆ, ಅವರ ಮನೆಯವರು ಸ್ಪರ್ಧೆಯಲ್ಲಿ ಇರಲಿಲ್ಲ ಎಂದು ತಿಳಿಸಿ. ಸ್ಪರ್ಧಿಗಳಿಗೆ ‘ಎಲ್ಲರೂ ವಿಜೇತರೇ’ ಅನ್ನುವುದಕ್ಕಿಂತ ಎಷ್ಟು ಮನೆಯವರು ಹಾಕಿದರು, ಮಕ್ಕಳೆಷ್ಟು ಎಂದು ಬರೆದು ಎಲ್ಲ ರಂಗೋಲಿಗಳ ಫೋಟೋ ಚೀಟಿ ಕ್ರಮದಲ್ಲಿ ಹಾಕಿ. ಬೆಳಿಗ್ಗೆ ಪಾರ್ಕಿಂಗ್‌ನ ಗಾಡಿ ತೆಗೆದುಕೊಟ್ಟವರಿಗೂ ಒಂದು ಸಾಲು ಇರಲಿ.

ಕೊನೆಗೆ ಬಹುಮಾನ ಯಾವತ್ತು, ಎಷ್ಟೊತ್ತಿಗೆ, ಎಲ್ಲಿ ಎಂಬುದು. ತಪ್ಪು ಕಂಡರೆ ಹಳೆಯ ಮೆಸೇಜು ಅಳಿಸದೆ ‘ತಿದ್ದುಪಡಿ’ ಎಂದೇ ಹೊಸದು ಹಾಕಿ. ಅಳಿಸಿದರೆ ಸಂಶಯ ಹೆಚ್ಚುತ್ತದೆ.