ಜೇಡಿಮಣ್ಣಿನ ಮೇಲಿನ ಫೂಟಿಂಗ್: ತಕ್ಷಣದ ಕುಸಿತ ಬೇರೆ, ಕನ್ಸಾಲಿಡೇಷನ್ ಬೇರೆ

ಕೆರೆ ಕೆಳಗಿನ ಹಳೇ ಗದ್ದೆಯ ಸೈಟು. 2 ಮೀಟರ್ ಚೌಕದ ಫೂಟಿಂಗ್, ಕಾಲಂ ಹೊರೆ 400 ಕಿಲೋನ್ಯೂಟನ್, ಅಂದರೆ ಮಣ್ಣಿನ ಮೇಲೆ ನಿವ್ವಳ ಒತ್ತಡ 100 ಕಿಲೋಪಾಸ್ಕಲ್. ಫೂಟಿಂಗ್ ಅಡಿಯಿಂದ 4 ಮೀಟರ್ ತನಕ ನೀರು ತುಂಬಿದ ಜೇಡಿಮಣ್ಣು, ಅದರ ಕೆಳಗೆ ಕೊಳೆತ ಬಂಡೆ. ಇಂಥ ಕಡೆ ಕುಸಿತವನ್ನು ಎರಡು ಹಾಳೆಯಲ್ಲಿ ಬೇರೆ ಬೇರೆಯಾಗಿ ಲೆಕ್ಕ ಹಾಕುವುದು ನನ್ನ ರೂಢಿ. ಒಂದರ ಅಂಕಿ ಇನ್ನೊಂದರೊಳಗೆ ನುಸುಳಬಾರದು.

ಹೊರೆ ಬಿದ್ದ ಕೂಡಲೇ ಜೇಡಿಮಣ್ಣಿನಿಂದ ನೀರು ಹೊರಬರಲು ಪುರಸೊತ್ತಿಲ್ಲ. ನೀರು ಹೋಗದಿದ್ದರೆ ಮಣ್ಣಿನ ಗಾತ್ರವೂ ಕಡಿಮೆಯಾಗದು. ಫೂಟಿಂಗ್ ಅಡಿಯ ಮಣ್ಣು ಪಕ್ಕಕ್ಕೆ ಉಬ್ಬುವುದರಿಂದಲೇ ಫೂಟಿಂಗ್ ಇಳಿಯುತ್ತದೆ. ಇದೇ ತಕ್ಷಣದ ಕುಸಿತ. ಗಾತ್ರ ಬದಲಾಗದ್ದರಿಂದ ಪಾಯ್ಸನ್ ಅನುಪಾತ 0.5 ಎಂದು ಹಿಡಿಯುತ್ತೇನೆ:

```
Si = q B (1 - ν²) I / Eu
```

ಇದರಲ್ಲಿ q ನಿವ್ವಳ ಒತ್ತಡ, B ಫೂಟಿಂಗ್ ಅಗಲ, ν ಪಾಯ್ಸನ್ ಅನುಪಾತ, I ಫೂಟಿಂಗ್‌ನ ಆಕಾರ ಮತ್ತು ಬಿಗುವಿನ ಗುಣಕ, Eu ನೀರು ಹೊರಹೋಗದ ಸ್ಥಿತಿಯಲ್ಲಿ ಮಣ್ಣಿನ ಮಾಡ್ಯುಲಸ್. ಕಾಂಕ್ರೀಟ್ ಫೂಟಿಂಗ್ ಬಿಗಿಯಾದದ್ದು, ಆದ್ದರಿಂದ ಚೌಕಕ್ಕೆ I = 0.82. 1.12 ಹಾಕಿದರೆ ಅದು ಬಾಗುವ ಫೂಟಿಂಗ್‌ನ ನಡುಮಧ್ಯದ ಅಂಕಿ. ಕಷ್ಟವಿರುವುದು Eu ಆರಿಸುವುದರಲ್ಲಿ. ಲ್ಯಾಬಿನ ಅನ್‌ಕನ್‌ಫೈನ್ಡ್ ಪರೀಕ್ಷೆಯ ವಕ್ರರೇಖೆಯಿಂದ ನಾನದನ್ನು ತೆಗೆಯುವುದಿಲ್ಲ. ಟ್ಯೂಬಿನಿಂದ ಹೊರಗೆಳೆಯುವಾಗಲೇ ಸ್ಯಾಂಪಲ್ ಅಲುಗಿರುತ್ತದೆ, ಬಲಕ್ಕಿಂತ ಹೆಚ್ಚಾಗಿ ಬಿಗುಪು ಹೋಗಿರುತ್ತದೆ, Eu ನಿಜದ ಅರ್ಧಕ್ಕೂ ಇಳಿದೀತು. ಬದಲಿಗೆ ಅನ್‌ಡ್ರೇನ್ಡ್ ಬಲಕ್ಕೆ ಒಂದು ಗುಣಕ ಹಾಕುತ್ತೇನೆ. ಈ ಮಣ್ಣಿನ ಪ್ಲಾಸ್ಟಿಸಿಟಿ ಇಂಡೆಕ್ಸ್ 40ರ ಹತ್ತಿರ, ಬಲ 60 ಕಿಲೋಪಾಸ್ಕಲ್. ಗುಣಕ 300 ಎಂದರೆ Eu = 18,000 ಕಿಲೋಪಾಸ್ಕಲ್. ಇಂಡೆಕ್ಸ್ 50 ದಾಟಿದ ಮಣ್ಣಾದರೆ ಗುಣಕ 300ಕ್ಕಿಂತ ಕೆಳಗಿರಬೇಕು.

ಉತ್ತರ ಸುಮಾರು 7 ಮಿ.ಮೀ. ಈ ಸೂತ್ರ ಜೇಡಿಮಣ್ಣು ಅನಂತ ಆಳಕ್ಕಿದೆ ಎಂದು ನಂಬುತ್ತದೆ. ನಮ್ಮಲ್ಲಿ ಅದು 4 ಮೀಟರಿಗೇ ಮುಗಿಯುವುದರಿಂದ ನಿಜವಾದ್ದು ಇನ್ನೂ ಕಡಿಮೆ. ಒಂದು ಷರತ್ತೂ ಇದೆ: ಫೂಟಿಂಗ್ ಭಾರ ಹೊರುವ ಮಿತಿಯ ಹತ್ತಿರ ಇರಬಾರದು. ಇಲ್ಲಿ ಮಿತಿ ಸುಮಾರು 370 ಕಿಲೋಪಾಸ್ಕಲ್, ಹಾಕಿದ್ದು 100. ಸುರಕ್ಷತಾ ಗುಣಕ 2ಕ್ಕೆ ಇಳಿದರೆ ಅಂಚಿನ ಮಣ್ಣು ಅಲ್ಲಲ್ಲಿ ಸೋಲಲು ಶುರುವಾಗಿ, ಕುಸಿತ ಸೂತ್ರ ಹೇಳಿದ್ದಕ್ಕಿಂತ ಹೆಚ್ಚಾಗುತ್ತದೆ.

ಎರಡನೇ ಹಾಳೆ ಕನ್ಸಾಲಿಡೇಷನ್‌ನದ್ದು. ಇಲ್ಲಿ ನೀರು ನಿಧಾನವಾಗಿ ಹೊರಹೋಗಿ ಮಣ್ಣಿನ ಗಾತ್ರವೇ ಕುಗ್ಗುತ್ತದೆ. ಉಂಗುರದೊಳಗೆ ಮಣ್ಣನ್ನು ಒತ್ತಿ ನೋಡುವ ಓಡೋಮೀಟರ್ ಪರೀಕ್ಷೆಯ mv, ಅಂದರೆ ಒತ್ತಡಕ್ಕೆ ಮಣ್ಣು ಕುಗ್ಗುವ ಪ್ರಮಾಣ, 0.00025 ಪ್ರತಿ ಕಿಲೋಪಾಸ್ಕಲ್‌ಗೆ. 4 ಮೀಟರನ್ನು ಎರಡು ಪದರ ಮಾಡಿ, 2:1 ಹರಡುವಿಕೆ ಹಿಡಿದರೆ ಮೇಲಿನ ಪದರದ ನಡುವೆ ಒತ್ತಡ 44, ಕೆಳಗಿನದರಲ್ಲಿ 16 ಕಿಲೋಪಾಸ್ಕಲ್. ಕುಸಿತ 22 ಮತ್ತು 8, ಒಟ್ಟು 30 ಮಿ.ಮೀ. ಫೂಟಿಂಗ್ ಅಡಿಯಲ್ಲಿ ಮಣ್ಣು ಓಡೋಮೀಟರ್ ಉಂಗುರದೊಳಗಿನ ಹಾಗೆ ಕಟ್ಟುಬಿದ್ದಿರುವುದಿಲ್ಲ, ಹಾಗಾಗಿ ಪೋರ್ ಪ್ರೆಷರ್ ತಿದ್ದುಪಡಿ 0.7 ಹಾಕಿದರೆ 21. ಎರಡೂ ಸೇರಿ 28 ಮಿ.ಮೀ. ಜೇಡಿಮಣ್ಣಿನ ಮೇಲಿನ ಬಿಡಿ ಫೂಟಿಂಗ್‌ಗೆ ಐಎಸ್ 1904 ಕೊಡುವ 75ರ ಮಿತಿಯೊಳಗೇ ಇದೆ.

ಹೆಚ್ಚಾಗಿ ಎಡವುವ ಜಾಗ ಇದು: ಓಡೋಮೀಟರ್‌ನ ಮಾಡ್ಯುಲಸ್ (1/mv, ಇಲ್ಲಿ 4,000) ತಂದು ಮೊದಲ ಸೂತ್ರಕ್ಕೆ ತುರುಕುವುದು. ಆಗ "ತಕ್ಷಣದ ಕುಸಿತ" 31 ಮಿ.ಮೀ. ಬರುತ್ತದೆ. ಅದರ ಮೇಲೆ ಕನ್ಸಾಲಿಡೇಷನ್‌ನ 30 ಕೂಡಿಸಿದರೆ ಒಂದೇ ಕುಸಿತವನ್ನು ಎರಡು ಸಲ ಎಣಿಸಿದಂತೆ. ವರದಿಯಲ್ಲಿ ಎರಡೂ ಅಂಕಿ ಹೆಚ್ಚುಕಮ್ಮಿ ಸಮ ಇದ್ದರೆ ನಾನು ಮೊದಲು ನೋಡುವುದು ಇದನ್ನೇ. ಪ್ಲೇಟ್ ಲೋಡ್ ಪರೀಕ್ಷೆಯೂ ಮೋಸ ಮಾಡೀತು. 30 ಸೆ.ಮೀ. ಪ್ಲೇಟಿನ ಒತ್ತಡ ಸುಮಾರು 60 ಸೆ.ಮೀ. ಆಳಕ್ಕಷ್ಟೇ ಗಣನೀಯವಾಗಿ ತಲುಪುತ್ತದೆ, ಕೆಲವೇ ದಿನದಲ್ಲಿ ಪರೀಕ್ಷೆ ಮುಗಿಯುತ್ತದೆ. ಸಿಗುವುದು ಬಹುಪಾಲು ತಕ್ಷಣದ್ದು, ಅದೂ ಮೇಲ್ಪದರದ್ದು.

ಕಟ್ಟಡಕ್ಕೆ ಕಾಟ ಕೊಡುವುದು ಎರಡನೆಯದು. 7 ಮಿ.ಮೀ. ಸ್ಲ್ಯಾಬ್ ಮೇಲೆ ಸ್ಲ್ಯಾಬ್ ಏರುವಾಗಲೇ ಮುಗಿದಿರುತ್ತದೆ, ಮುಂದಿನ ಲೆವೆಲ್‌ನಲ್ಲಿ ಸರಿಹೋಗುತ್ತದೆ. 21 ಮಿ.ಮೀ. ಬರುವುದು ಗೋಡೆ, ಪ್ಲಾಸ್ಟರ್, ಟೈಲ್ಸ್ ಆದಮೇಲೆ. ಕನ್ಸಾಲಿಡೇಷನ್ ಎಷ್ಟು ಬೇಗ ಸಾಗುತ್ತದೆ ಎನ್ನುವ ಗುಣಾಂಕ cv ವರ್ಷಕ್ಕೆ 2 ಚದರ ಮೀಟರ್, ನೀರು ಮೇಲೆ ಕೆಳಗೆ ಎರಡೂ ಕಡೆ ಹೋದರೆ ಶೇ 90 ಮುಗಿಯಲು 1.7 ವರ್ಷ. ಬರೀ ಕೊಳೆತ ಬಂಡೆಯ ಕಡೆಗೆ ಹೋದರೆ 6.8 ವರ್ಷ. ಫೂಟಿಂಗ್ ಕೆಳಗೆ ಮರಳಿನ ಪದರ ಇಲ್ಲದೆ ಪಿಸಿಸಿ ನೇರ ಜೇಡಿಗೆ ಕೂತಿದ್ದರೆ ನಾನು ಎರಡನೇ ಅಂಕಿಯನ್ನೇ ನಂಬುತ್ತೇನೆ.

ಸೈಟಿನಲ್ಲಿ ಎರಡನ್ನೂ ಬೇರೆ ಮಾಡಿ ನೋಡಬಹುದು. ಪ್ಲಿಂತ್ ಮಟ್ಟದಲ್ಲಿ ಕಾಲಂಗೆ ಕಂಬಿಯ ಗುರುತು ಹಾಕಿಸಿ, ಮೊದಲ ಸ್ಲ್ಯಾಬ್ ಬೀಳುವ ಮುಂಚೆಯೇ ಲೆವೆಲ್ ಓದಿಸುತ್ತೇನೆ. ತಡವಾದರೆ ತಕ್ಷಣದ ಕುಸಿತದ ಒಂದು ಪಾಲು ದಾಖಲೆಗೇ ಬರುವುದಿಲ್ಲ. ಪ್ರತಿ ಸ್ಲ್ಯಾಬ್‌ನ ಹಿಂದೆಮುಂದೆ ಒಂದೊಂದು ಓದು, ಕೆಲಸ ನಿಂತ ತಿಂಗಳಲ್ಲೂ ಒಂದು. ಸ್ಲ್ಯಾಬ್ ಬಿದ್ದ ದಿನ ಮೆಟ್ಟಿಲಿನ ಹಾಗೆ ಇಳಿದದ್ದು ತಕ್ಷಣದ್ದು, ಹೊರೆ ಏರದೆಯೂ ಇಳಿಯುತ್ತಿರುವುದು ಕನ್ಸಾಲಿಡೇಷನ್. ಬೆಂಚ್ ಮಾರ್ಕ್ ಮಾತ್ರ ಸೈಟಿನ ಕಾಂಪೌಂಡ್ ಮೇಲೆ ಬೇಡ. ಅದೂ ಅದೇ ಜೇಡಿಯ ಮೇಲೆ ನಿಂತಿರುತ್ತದೆ.