384 ಡಾಟ್‌ನೊಳಗೆ ಬ್ಯಾಡಗಿ ಮೆಣಸಿನಕಾಯಿ

ಅರಸೀಕೆರೆಯಲ್ಲಿ ನಮ್ಮ ಮಾವನ ದಿನಸಿ ಅಂಗಡಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಬಿಲ್ ಪೂರ್ತಿ ಕನ್ನಡದಲ್ಲಿ ಬರಬೇಕು ಅನ್ನೋದು ಅವರ ಒಂದೇ ಷರತ್ತು. ಪ್ರಿಂಟರ್ ಮಾತ್ರ ಮೊದಲೇ ಕೊಂಡಿದ್ದರು. ಎರಡಿಂಚಿನ ರೋಲ್ ಹಾಕುವ, ಸಂತೆಗೂ ಒಯ್ಯಬಹುದಾದ ಚಿಕ್ಕ ಬ್ಲೂಟೂತ್ ಥರ್ಮಲ್ ಪ್ರಿಂಟರ್.

ಈ ಪ್ರಿಂಟರ್‌ಗಳ ಲೆಕ್ಕ ಸರಳ. ರೋಲ್ ಅಗಲ 58 ಮಿ.ಮೀ., ಅದರಲ್ಲಿ ಅಚ್ಚಾಗುವುದು 48 ಮಿ.ಮೀ. ಒಂದು ಮಿ.ಮೀ.ಗೆ 8 ಡಾಟ್. ಅಲ್ಲಿಗೆ ಒಂದು ಸಾಲಿಗೆ 384 ಡಾಟ್. ಪ್ರಿಂಟರ್‌ನ ಒಳಗೇ ಇರುವ ದೊಡ್ಡ ಫಾಂಟ್‌ನಲ್ಲಿ ಪ್ರತಿ ಅಕ್ಷರಕ್ಕೂ 12 ಡಾಟ್ ಅಗಲ, 24 ಡಾಟ್ ಎತ್ತರದ ಮನೆ. ಹಾಗಾಗಿ ಸಾಲಿಗೆ 32 ಇಂಗ್ಲಿಷ್ ಅಕ್ಷರ. ನಾನು ಹೆಸರಿಗೆ 14, ತೂಕಕ್ಕೆ 8, ಮೊತ್ತಕ್ಕೆ 10 ಮನೆ ಕೊಟ್ಟೆ. ಇಂಗ್ಲಿಷ್‌ನಲ್ಲಿ ಇದು ಚೆನ್ನಾಗಿಯೇ ಬರುತ್ತದೆ.

ಕನ್ನಡ ಕಳಿಸಿದರೆ ಏನು ಬರುತ್ತದೆ ಅನ್ನೋದನ್ನು ನೋಡಿಯೇ ತೊಂದರೆ ಎಲ್ಲಿದೆ ಅಂತ ಹೇಳಬಹುದು. `?????` ಬಂದರೆ ತಪ್ಪು ಪ್ರಿಂಟರ್‌ನದಲ್ಲ. ನಿಮ್ಮ ಪ್ರೋಗ್ರಾಮೇ ಗೊತ್ತಿಲ್ಲದ ಅಕ್ಷರವನ್ನೆಲ್ಲ ಪ್ರಶ್ನೆ ಚಿಹ್ನೆ ಮಾಡಿ ಕಳಿಸಿದೆ. `α▓` ಮತ್ತು `α│` ಮತ್ತೆ ಮತ್ತೆ ಕಾಣಿಸಿದರೆ ಯುಟಿಎಫ್-8 ಬೈಟ್‌ಗಳು ಹಾಗೇ ಹೋಗಿ ಹಳೆಯ 437 ಕೋಡ್‌ಪೇಜ್‌ನಲ್ಲಿ ಅಚ್ಚಾಗಿವೆ ಎಂದರ್ಥ. ಕನ್ನಡದ ಪ್ರತಿ ಚಿಹ್ನೆಯೂ E0 B2 ಅಥವಾ E0 B3 ಇಂದಲೇ ಶುರುವಾಗುತ್ತದೆ, ಅದಕ್ಕೇ ಈ ಜೋಡಿ. ಚೀನಿ ಅಕ್ಷರ ಬಂದರೆ ಪ್ರಿಂಟರ್ ಚೀನಿ ಮೋಡ್‌ನಲ್ಲಿದೆ. `1C 2E` ಕಳಿಸಿ ಅದನ್ನು ಆರಿಸಬಹುದು. ಆದರೆ ಆರಿಸಿದರೂ ಕನ್ನಡ ಬರುವುದಿಲ್ಲ, ಯಾಕಂದ್ರೆ ಒಳಗೆ ಕನ್ನಡ ಫಾಂಟೇ ಇಲ್ಲ. ಭಾರತಕ್ಕೆಂದೇ ಮಾಡಿದ ಕೆಲವು ಮಾಡೆಲ್‌ಗಳಲ್ಲಿ ಕನ್ನಡದ ಕೋಡ್‌ಪೇಜ್ ಇರುತ್ತದೆ. ಫೀಡ್ ಬಟನ್ ಒತ್ತಿ ಹಿಡಿದು ಆನ್ ಮಾಡಿದರೆ ಬರುವ ಸೆಲ್ಫ್ ಟೆಸ್ಟ್ ಚೀಟಿಯಲ್ಲಿ ಸಾಮಾನ್ಯವಾಗಿ ಆ ಪಟ್ಟಿ ಸಿಗುತ್ತದೆ. ನಮ್ಮದರಲ್ಲಿ ಇರಲಿಲ್ಲ.

ಉಳಿದ ದಾರಿ ಹೆಸರನ್ನು ಚಿತ್ರ ಮಾಡಿ ಕಳಿಸುವುದು. ಪೈಥಾನ್‌ನ ಪಿಲ್ಲೊ ಲೈಬ್ರರಿ ಸಾಕು, ಆದರೆ ಅದರ ಜೊತೆ ರಾಕ್ಮ್ ಇರಲೇಬೇಕು. ಒತ್ತಕ್ಷರ, ಗುಣಿತ ಎಲ್ಲವನ್ನೂ ಜೋಡಿಸುವುದು ಅದೇ. ಇಲ್ಲದಿದ್ದರೆ ಅಕ್ಕಿ ಬರೆದಾಗ ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ, ಗುಡಿಸು ಬೇರೆ ತೇಲುತ್ತಿರುತ್ತದೆ. ಮೊದಲು ಇದನ್ನು ನೋಡಿಕೊಳ್ಳಿ, `True` ಬರಬೇಕು:

```python
from PIL import features
print(features.check("raqm"))
```

ಇನ್ನು ಅಗಲದ ವಿಷಯ. ಕನ್ನಡದಲ್ಲಿ ಅಕ್ಷರ ಎಣಿಸಿ ಕಾಲಂ ಹಾಕುವುದು ಆಗದ ಮಾತು. ಅಕ್ಕಿ ನಮ್ಮ ಕಣ್ಣಿಗೆ ಎರಡು ಅಕ್ಷರ, ಕಂಪ್ಯೂಟರ್‌ಗೆ ಐದು: ಅ, ಕ, ಹಲಂತ, ಕ, ಗುಡಿಸು. ಉದ್ದಿನಬೇಳೆ ನಮಗೆ ಐದು, ಅದಕ್ಕೆ ಹತ್ತು. ರಾಗಿ ನಮಗೆ ಎರಡು, ಅದಕ್ಕೆ ನಾಲ್ಕು. `ljust(14)` ಅಂತ ಕೊಟ್ಟರೆ ಈ ಮೂರಕ್ಕೂ ಬೇರೆ ಬೇರೆ ಅಳತೆಯ ಖಾಲಿ ಜಾಗ ಸೇರಿ ಮೊತ್ತದ ಕಾಲಂ ಹಾವಿನ ಹಾಗೆ ಹೋಗುತ್ತದೆ. ಹಾಗಂತ ಕಣ್ಣಿಗೆ ಕಾಣುವ ಅಕ್ಷರ ಎಣಿಸಿದರೂ ಪ್ರಯೋಜನ ಇಲ್ಲ. ರ ಎಷ್ಟು ಸಣ್ಣದು, ಯೋ ಎಷ್ಟು ಅಗಲ ನೋಡಿ. ಒಂದು ಯೋ ಜಾಗದಲ್ಲಿ ಎರಡು ರ ಕೂರುತ್ತವೆ. ಎಲ್ಲ ಅಕ್ಷರವನ್ನೂ ಒಂದೇ ಅಗಲಕ್ಕೆ ತಂದರೆ ರ ಸುತ್ತ ಬಯಲು, ಯೋ ಹಿಂಡಿದ ಹಾಗೆ, ಓದಲು ಹಿಂಸೆ.

ಹಾಗಾಗಿ ಅಕ್ಷರ ಎಣಿಸುವುದನ್ನು ಬಿಟ್ಟು ಡಾಟ್ ಅಳೆಯಲು ಶುರುಮಾಡಿದೆ. 14 ಮನೆ ಅಂದರೆ 168 ಡಾಟ್, 8 ಅಂದರೆ 96, 10 ಅಂದರೆ 120. ಒಟ್ಟು 384. ಹೆಸರು ಸೊನ್ನೆಯಿಂದ ಶುರು. ತೂಕ ಮತ್ತು ಮೊತ್ತ ಬಲಕ್ಕೆ ಒತ್ತಿ ನಿಲ್ಲಬೇಕು, ಅಂದರೆ ಕಾಲಂನ ಬಲ ಅಂಚಿನಿಂದ `font.getlength()` ಕೊಟ್ಟಷ್ಟು ಹಿಂದೆ ಸರಿದು ಬರೆಯಬೇಕು. ಆ ಅಳತೆ ಒತ್ತಕ್ಷರ ಜೋಡಿಸಿದ ಮೇಲಿನ ನಿಜವಾದ ಅಗಲ, ಹಾಗಾಗಿ ಅದನ್ನು ನಂಬಬಹುದು.

ಅಗಲಕ್ಕಿಂತ ಜಾಸ್ತಿ ತಲೆ ತಿಂದದ್ದು ಎತ್ತರ. ಹೆಸರು ಮಾತ್ರ ಚಿತ್ರ, ಅದೇ ಸಾಲಿನಲ್ಲಿ ಅಂಕಿ ಪ್ರಿಂಟರ್‌ನದೇ ಫಾಂಟ್ ಅಂತ ಯೋಚಿಸಿದ್ದೆ. `ESC *` ಕಮಾಂಡ್‌ನಲ್ಲಿ ಅದು ಸಾಧ್ಯ. ಆದರೆ ಆಗ ಚಿತ್ರದ ಎತ್ತರ 24 ಡಾಟ್ ಮಾತ್ರ. ಇಂಗ್ಲಿಷ್‌ಗೆ ಅದು ಧಾರಾಳ. ಕನ್ನಡದಲ್ಲಿ ಆ 24ರೊಳಗೆ ಮೇಲಿನ ಗುಡಿಸು, ಮಧ್ಯದ ಅಕ್ಷರ, ಕೆಳಗಿನ ಒತ್ತು ಮೂರೂ ಬರಬೇಕು. ಮೂಲ ಅಕ್ಷರಕ್ಕೆ ಉಳಿಯುವುದು ಹತ್ತು-ಹನ್ನೊಂದು ಡಾಟ್. ಅಷ್ಟರಲ್ಲಿ ಷ ಒಳಗಿನ ಗೆರೆ ಮುಚ್ಚಿ ಪ ಥರ ಕಾಣುತ್ತದೆ. ಧ, ಭ ಕೆಳಗಿನ ಸೀಳು ಹೋಗಿ ದ, ಬ ಆಗುತ್ತವೆ. ಒತ್ತುಗಳಂತೂ ಬರೀ ಮಸಿಯ ಚುಕ್ಕೆ.

ಕೊನೆಗೆ ಇಡೀ ಸಾಲನ್ನೇ, ಅಂಕಿ ಸೇರಿಸಿ, ಚಿತ್ರ ಮಾಡಿದೆ. ಫಾಂಟ್ ಗಾತ್ರ 28, ಸಾಲಿನ ಎತ್ತರ 40 ಡಾಟ್, ಅಂದರೆ 5 ಮಿ.ಮೀ. ಬೇಸ್‌ಲೈನ್ ಮೇಲಿನಿಂದ 24ನೇ ಡಾಟ್. ಈ ಎತ್ತರ ಸಾಕಾ ಅಂತ ನೋಡಲು ಸ್ಟ್ರಾಬೆರಿ ಜಾಮ್ ಬರೆದು ನೋಡಿದೆ. ಸ್ಟ್ರಾದಲ್ಲಿ ಎರಡು ಒತ್ತು ಇದೆ, ಅದು ಕತ್ತರಿಸದೆ ಬಂದರೆ ಅಂಗಡಿಯ ಬೇರೆ ಯಾವ ಹೆಸರೂ ಬರುತ್ತದೆ. ಬರೆಯುವಾಗ `anchor="ls"` ಕೊಡಿ. ಅಕ್ಷರದ ಎತ್ತರ ಅಳೆದು ಮಧ್ಯಕ್ಕೆ ಕೂರಿಸಲು ಹೋದರೆ ಒತ್ತಿರುವ ಹೆಸರು ಮೇಲೆ ಹಾರುತ್ತದೆ, ಒತ್ತಿಲ್ಲದ್ದು ಕೆಳಗೆ ಕೂರುತ್ತದೆ.

ಸಾಲನ್ನು ಕಳಿಸುವ ಕಮಾಂಡ್ `GS v 0`. ಅಗಲ ಬೈಟ್‌ನಲ್ಲಿ ಕೊಡಬೇಕು: 384 ಭಾಗಿಸು 8, ಅಂದರೆ 48, ಹೆಕ್ಸ್‌ನಲ್ಲಿ 30. ಎತ್ತರ 40, ಹೆಕ್ಸ್‌ನಲ್ಲಿ 28.

```
1D 76 30 00 30 00 28 00  + 1920 ಬೈಟ್
```

ಇದರ ಹಿಂದೆ ಹೊಸ ಸಾಲಿನ ಬೈಟ್ ಕಳಿಸಬೇಡಿ. ಚಿತ್ರ ಅಚ್ಚಾದ ಮೇಲೆ ಕಾಗದ ತಾನೇ ಮುಂದೆ ಹೋಗಿರುತ್ತದೆ, ಇನ್ನೊಂದು ಕೊಟ್ಟರೆ ಸುಮ್ನೆ ಖಾಲಿ ಜಾಗ. ಇಡೀ ಬಿಲ್ ಒಂದೇ ಚಿತ್ರವಾಗಿ ಕಳಿಸುವುದೂ ಬೇಡ. ಬ್ಲೂಟೂತ್‌ನಲ್ಲಿ ಬಫರ್ ತುಂಬಿ ಕೆಲವು ಬೈಟ್ ಕಳೆದುಹೋದರೆ, ಎಲ್ಲಿವರೆಗೆ ಚಿತ್ರ ಅನ್ನೋ ಲೆಕ್ಕ ಪ್ರಿಂಟರ್‌ಗೆ ತಪ್ಪುತ್ತದೆ. ಅರ್ಧ ಬಿಲ್ ಚೆನ್ನಾಗಿ ಬಂದು ಆಮೇಲೆ ಚಿಹ್ನೆಗಳ ರಾಶಿ ಬಿದ್ದರೆ ಕಾರಣ ಬಹುತೇಕ ಇದೇ. ಒಂದೊಂದು ಐಟಂ ಒಂದೊಂದು ಚಿತ್ರ, ನಡುವೆ ಚೂರು ಬಿಡುವು. ಅಷ್ಟರಲ್ಲಿ ಸರಿಹೋಯಿತು.

ಫಾಂಟ್ ಆಯ್ಕೆಯಲ್ಲಿ ಸ್ಕ್ರೀನ್ ನಂಬುವ ಹಾಗಿಲ್ಲ. ನೋಟೊ ಸಾನ್ಸ್ ಕನ್ನಡದ ಮಾಮೂಲಿ ತೂಕ ಸ್ಕ್ರೀನ್ ಮೇಲೆ ಚೆಂದ, ಕಾಗದದ ಮೇಲೆ ಸಣ್ಣ ಗೆರೆಗಳು ಒಂದೇ ಡಾಟ್ ಆಗಿ ಅಲ್ಲಲ್ಲಿ ಕಡಿಯುತ್ತವೆ. ಬೋಲ್ಡ್ ಹಾಕಿದರೆ ಠ ನಡುವಿನ ಚುಕ್ಕೆ ಸುತ್ತಿನ ಜೊತೆ ಅಂಟಿಕೊಳ್ಳುತ್ತದೆ, ಸೊನ್ನೆ ಗುಂಡಿ ಆಗುತ್ತದೆ. ಎರಡರ ನಡುವಿನ ಸೆಮಿಬೋಲ್ಡ್ ನಮಗೆ ಹೊಂದಿತು. ಇದರಲ್ಲೂ, ಅನೇಕ್ ಕನ್ನಡದಲ್ಲೂ ಅಗಲ ಕಡಿಮೆ ಮಾಡಿದ ರೂಪಗಳಿವೆ. ಸ್ವಲ್ಪ ಕಿರಿದಾಗಿಸಿದರೆ ಪರವಾಗಿಲ್ಲ, ತೀರಾ ಹಿಂಡಿದರೆ ಅದೇ ಮುಚ್ಚಿಕೊಳ್ಳುವ ಕಾಯಿಲೆ. ಕಪ್ಪು-ಬಿಳುಪಿಗೆ ತರುವಾಗ `convert("1")` ಸೀದಾ ಬಳಸಿದರೆ ಅಂಚಿನಲ್ಲಿ ಚುಕ್ಕಿ ಚೆಲ್ಲಿದ ಹಾಗೆ ಬರುತ್ತದೆ. ಅದರ ಬದಲು ಒಂದು ಗಡಿ ಇಟ್ಟು, 170ಕ್ಕಿಂತ ಕಮ್ಮಿ ಇರುವುದನ್ನೆಲ್ಲ ಕಪ್ಪು ಮಾಡಿದೆ.

ಈಗ ಶೀರ್ಷಿಕೆಯ ಮೆಣಸಿನಕಾಯಿ. ಈ ಗಾತ್ರದಲ್ಲಿ ಬ್ಯಾಡಗಿ ಮೆಣಸಿನಕಾಯಿ 200 ಡಾಟ್ ದಾಟುತ್ತದೆ, ಕಾಲಂ ಇರುವುದು 168. ಕತ್ತರಿಸೋಣ ಅಂದರೆ ಎರಡು ತೊಂದರೆ. ಮೊದಲನೆಯದು ಎಲ್ಲಿ ಕತ್ತರಿಸುವುದು ಅನ್ನೋದು. ಒತ್ತಿನ ಮಧ್ಯೆ ಕತ್ತರಿ ಬಿದ್ದರೆ ಅಕ್ಕಿ ಹೋಗಿ ಅಕ್ ಆಗುತ್ತದೆ. ನಾನು ಬಳಸಿದ ಲೈಬ್ರರಿಯ `\X` ಕೂಡ ಕನ್ನಡದ ಒತ್ತಕ್ಷರವನ್ನು ಹಲಂತದ ಹತ್ತಿರ ಒಡೆಯುತ್ತಿತ್ತು. ಅದಕ್ಕೆ ನಾನೇ ಒಂದು ನಿಯಮ ಬರೆದುಕೊಂಡೆ:

```python
AKSHARA = re.compile(
    r'(?:[ಕ-ಹ]\u200d?\u0ccd)*[ಅ-ಹ]'
    r'[\u0c82\u0c83\u0cbc-\u0cd6]*\u200c?|.')
```

ಇದು ಹೆಸರನ್ನು ಪೂರ್ತಿ ಅಕ್ಷರಗಳಾಗಿ ಬಿಡಿಸುತ್ತದೆ. ಕೊನೆಯಿಂದ ಒಂದೊಂದೇ ತೆಗೆಯುತ್ತಾ, ಚುಕ್ಕೆ ಸೇರಿಸಿದ ಅಗಲ 168ರೊಳಗೆ ಬಂದಾಗ ನಿಲ್ಲಿಸಬಹುದು.

ಎರಡನೆಯ ತೊಂದರೆ ಕೋಡ್‌ನಲ್ಲಿ ಬಗೆಹರಿಯುವುದಲ್ಲ. ಅಂಗಡಿಯಲ್ಲಿ ಬ್ಯಾಡಗಿ ಮೆಣಸಿನಕಾಯಿಯೂ ಇದೆ, ಬ್ಯಾಡಗಿ ಮೆಣಸಿನಪುಡಿಯೂ ಇದೆ. ಎಷ್ಟೇ ನೀಟಾಗಿ ಕತ್ತರಿಸಿದರೂ ಎರಡೂ “ಬ್ಯಾಡಗಿ ಮೆಣಸಿನ.” ಹತ್ತಿರಕ್ಕೇ ಬಂದು ನಿಲ್ಲುತ್ತವೆ. ದರ ಬೇರೆ, ಹೆಸರು ಒಂದೇ. ಗಿರಾಕಿ ಸುಮ್ಮನಿರುತ್ತಾರಾ? ಕನ್ನಡದಲ್ಲಿ ದಿನಸಿ ಹೆಸರಿನ ವ್ಯತ್ಯಾಸ ಇರುವುದೇ ಕೊನೆಯಲ್ಲಿ: ಕಾಯಿ, ಪುಡಿ, ಬೇಳೆ, ಹಿಟ್ಟು, ಎಣ್ಣೆ. ಕಡಲೆಕಾಯಿ ಬೀಜ, ಕಡಲೆಕಾಯಿ ಎಣ್ಣೆ ಕಥೆಯೂ ಹಾಗೇ.

ಹಾಗಾದರೆ ಎಲ್ಲ ಹೆಸರನ್ನೂ ಒಂದು ಸಾಲಲ್ಲಿ, ಅಂಕಿಯನ್ನು ಅದರ ಕೆಳಗಿನ ಸಾಲಲ್ಲಿ ಹಾಕೋಣ ಅಂದುಕೊಂಡೆ. ಒಂದು ಐಟಂಗೆ 5 ಮಿ.ಮೀ. ಇದ್ದದ್ದು ಸುಮಾರು 9 ಆಯಿತು. ಮೂವತ್ತು ಐಟಂ ಬಿಲ್ 15 ಸೆಂ.ಮೀ. ಬದಲು 27. “ರೋಲ್ ನಿಲ್ತಾನೇ ಇಲ್ವಲ್ಲೋ” ಅಂದರು ಮಾವ.

ಈಗ ಇರುವ ನಿಯಮ ಇದು. ಹೆಸರು 168 ಡಾಟ್ ಒಳಗಿದ್ದರೆ ಎಲ್ಲವೂ ಒಂದೇ ಸಾಲು. ದಾಟಿದರೆ ಹೆಸರಿಗೆ ಪೂರ್ತಿ 384, ಕೆಳಗೆ ಪ್ರಿಂಟರ್‌ನ ಸ್ವಂತ ಫಾಂಟ್‌ನಲ್ಲಿ ಅಂಕಿಯ ಸಾಲು:

```
     0.250 x 640.00       160.00
```

ಅಂಕಿ ಮಾತ್ರ ಇರುವ ಸಾಲಾದ್ದರಿಂದ ಚಿತ್ರ ಬೇಕಿಲ್ಲ, ಬೇಗನೂ ಬರುತ್ತದೆ. ರೂಪಾಯಿ ಚಿಹ್ನೆ 437ರಲ್ಲಿ ಇಲ್ಲ, ಅದನ್ನು ಕಾಲಂ ತಲೆಬರಹದ ಚಿತ್ರದಲ್ಲೇ ಒಮ್ಮೆ ಹಾಕಿ ಮುಗಿಸಿದೆ.

ಕತ್ತರಿಸುವ ಕೋಡ್ ಇನ್ನೂ ಇದೆ, 384ನ್ನೂ ದಾಟುವ ಹೆಸರಿಗೆ ಮಾತ್ರ. ಕಂಪನಿ ಹೆಸರು, ಪ್ಯಾಕೆಟ್ ತೂಕ ಎಲ್ಲ ಸೇರಿದಾಗ ಹಾಗಾಗುತ್ತದೆ. ಅಂಥದ್ದಕ್ಕೆ ಐಟಂ ಪಟ್ಟಿಯಲ್ಲಿ “ಬಿಲ್ ಹೆಸರು” ಅಂತ ಇನ್ನೊಂದು ಕಾಲಂ ಇಟ್ಟಿದ್ದೇನೆ. ಮಾವ ಅಲ್ಲಿ ಟೈಪ್ ಮಾಡುವಾಗ ಪಕ್ಕದಲ್ಲೇ ಎಷ್ಟು ಡಾಟ್ ಆಯಿತು ಅಂತ ಕಾಣಿಸುತ್ತದೆ, 168 ದಾಟಿದರೆ ಕೆಂಪಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯನ್ನು ಅವರು “ಬ್ಯಾಡಗಿ ಕಾಯಿ” ಮಾಡಿದ್ದಾರೆ, ಇನ್ನೊಂದು “ಬ್ಯಾಡಗಿ ಪುಡಿ”. ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ.