ವಧುವಿನ ನೆತ್ತಿಯ ಮೇಲಿನ ಕರೆಂಟ್ ಕಂಬ: ಹಿನ್ನೆಲೆಯನ್ನೇ ಹೊಸದಾಗಿ ಕಟ್ಟಿದ ನನ್ನ ಅನುಭವ

ತಲೆಯಿಂದ ಕಂಬ ಎದ್ದ ಫೋಟೊ ಬಂದರೆ ಈಗ ನಾನು ಫೋಟೊಶಾಪ್‌ನ ಕ್ಲೋನ್ ಸ್ಟ್ಯಾಂಪ್ ಮುಟ್ಟುವುದಿಲ್ಲ. ಆಳನ್ನು ಬೇರೆ ಲೇಯರ್‌ಗೆ ಎತ್ತಿಟ್ಟು, ಹಿಂದಿನ ಆಕಾಶವನ್ನು ಪೂರ್ತಿ ಹೊಸದಾಗಿ ಕಟ್ಟಿ, ಆಮೇಲೆ ಆಳನ್ನು ವಾಪಸ್ ಕೂರಿಸುತ್ತೇನೆ. "ಐನೂರು ರೂಪಾಯಿ ಕೆಲಸಕ್ಕೆ ಇಷ್ಟೊಂದು ಯಾರು ಮಾಡ್ತಾರೆ ಸಾರ್?" ಅಂತ ಜೊತೆಯ ಆಲ್ಬಂ ಡಿಸೈನರ್‌ಗಳೇ ಕೇಳಿದ್ದರು. ತಿಪಟೂರು ಕಡೆಯ ಈ ಮದುವೆ ಫೋಟೊ ನೋಡಿದ ಮೇಲೆ ಅದೇ ಹುಡುಗರು ಫೋನ್ ಮಾಡಿ ವಿಚಾರಿಸಿದರು.

ಛತ್ರದ ಕಾಂಪೌಂಡ್ ಮುಂದೆ ವಧು ನಿಂತಿದ್ದಾಳೆ. ಸಂಜೆ ಬೆಳಕು, ನಗು ಎರಡೂ ಸೊಗಸಾಗಿ ಬಂದಿವೆ. ಆದರೆ ಮಲ್ಲಿಗೆ ಮುಡಿದ ತಲೆಯ ಮೇಲಿಂದ ಸೀದಾ ಸಿಮೆಂಟ್ ಕಂಬ. ಮನೆಯವರಿಗೆ ಅದೇ ಫೋಟೊ 24×36 ಇಂಚಿನ ಕ್ಯಾನ್ವಾಸ್‌ನಲ್ಲಿ ಬೇಕು. ಮೊದಲು ಒಂದು ಲ್ಯಾಬ್‌ನವರು ಕ್ಲೋನ್ ಮಾಡಿ ಕೊಟ್ಟಿದ್ದರು. ಮೊಬೈಲ್‌ನಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಪ್ರಿಂಟ್ ಹಾಕಿಸಿದಾಗ ತಲೆಯ ಸುತ್ತ ಆಕಾಶ ತೇಪೆ ತೇಪೆ, ಕೂದಲು ಕತ್ತರಿ ಹಾಕಿದ ಹಾಗೆ ಮೊಂಡು. ಮೂರು ಸಾವಿರ ಚಿಲ್ಲರೆ ದುಡ್ಡು ನೀರಿಗೆ ಹೋಯಿತು.

ಸಂಜೆಯ ಆಕಾಶದ ಬಣ್ಣ ಎಲ್ಲೂ ಒಂದೇ ಇರುವುದಿಲ್ಲ. ಕೆಳಗೆ ತಿಳಿ, ಮೇಲೆ ಗಾಢ, ಸೂರ್ಯನ ಕಡೆ ಇನ್ನೂ ತಿಳಿ. ಬಲಗಡೆಯ ತುಂಡನ್ನು ತಂದು ನಡುವೆ ಒತ್ತಿದರೆ ಒಂದೆರಡು ಪಾಯಿಂಟ್ ವ್ಯತ್ಯಾಸ ಬಂದೇ ಬರುತ್ತದೆ. ದೊಡ್ಡ ಪ್ರಿಂಟ್‌ನಲ್ಲಿ ಅದೇ ಕಣ್ಣಿಗೆ ಹೊಡೆಯುವುದು. Content-Aware Fill ಕೂಡ ನೋಡಿದೆ. ಹಾಗೇ ಬಿಟ್ಟರೆ ಆಕಾಶದಲ್ಲಿ ಮಲ್ಲಿಗೆ ಅರಳಿಸುತ್ತದೆ. ಹಸಿರು ಸ್ಯಾಂಪಲ್ ಜಾಗದಿಂದ ವಧುವನ್ನು ಒರೆಸಿ ತೆಗೆದರೆ ಆಕಾಶ ಪರವಾಗಿಲ್ಲ, ಕೂದಲಿನ ಅಂಚು ಮಾತ್ರ ಕೆಟ್ಟೇ ಹೋಗುತ್ತದೆ.

ನಾನು ಮಾಡಿದ್ದು ಹೀಗೆ. ಫೈಲನ್ನು 16 ಬಿಟ್‌ಗೆ ಹಾಕಿ, ಕಂಬದ ಎರಡೂ ಪಕ್ಕ, ಮೂರು ಎತ್ತರದಲ್ಲಿ ಬಣ್ಣ ಎತ್ತಿಕೊಂಡೆ. ಎಡಕ್ಕೊಂದು ಬಲಕ್ಕೊಂದು ಗ್ರೇಡಿಯಂಟ್ ಮಾಡಿ, ಮಧ್ಯೆ ಮಾಸ್ಕ್‌ನಲ್ಲಿ ಬೆರೆಸಿದೆ. ಗ್ರೇಡಿಯಂಟ್ ಹಾಗೇ ಇದ್ದರೆ ಪ್ಲಾಸ್ಟಿಕ್ ಹಾಳೆಯಂತೆ ಕಾಣುತ್ತದೆ, ಅದಕ್ಕೆ ನಾಯ್ಸ್ ಬೇಕು. ನನ್ನ ನೆನಪಿನಂತೆ ಎರಡು ಪರ್ಸೆಂಟ್ ಒಳಗೇ ಹಾಕಿ, ಅರ್ಧ ಪಿಕ್ಸೆಲ್‌ನಷ್ಟು ಬ್ಲರ್ ಕೊಟ್ಟೆ. ಕ್ಯಾಮೆರಾದ ನಾಯ್ಸ್ ಅಷ್ಟು ಚೂಪಾಗಿ ಇರುವುದಿಲ್ಲ. ಹೊಂದಿದೆಯೋ ಇಲ್ಲವೋ ನೋಡಲು 200%ಗೆ ಹೋಗಿ ನೀಲಿ ಚಾನೆಲ್ ಒಂದನ್ನೇ ತೆರೆಯಿರಿ. ಹೊಂದದಿದ್ದರೆ ಮೊದಲು ಅಲ್ಲೇ ಸಿಕ್ಕಿಬೀಳುತ್ತದೆ. ಕಂಬ ಹೋದ ಮೇಲೆ ತಂತಿಗಳನ್ನೂ ಫ್ರೇಮಿನ ಅಂಚಿನವರೆಗೆ ತೆಗೆಯಬೇಕು, ಇಲ್ಲದಿದ್ದರೆ ಗಾಳಿಯಲ್ಲಿ ನೇತಾಡುತ್ತವೆ.

ಕೂದಲೇ ನಿಜವಾದ ಕೆಲಸ. ಕಂಬದ ಮುಂದಿದ್ದ ಎಳೆಗಳಿಗೆ ಕಂಬದ ಬೂದು ಬಣ್ಣ ಹತ್ತಿರುತ್ತದೆ, ಎಷ್ಟು ಚೆನ್ನಾಗಿ ಸೆಲೆಕ್ಟ್ ಮಾಡಿದರೂ ಅದು ಜೊತೆಗೇ ಬರುತ್ತದೆ. ಹಾಗಾಗಿ ಆ ಎಳೆಗಳನ್ನು ಉಳಿಸುವ ಆಸೆಯನ್ನೇ ಬಿಟ್ಟೆ. ತಲೆಯ ಇನ್ನೊಂದು ಪಕ್ಕ, ಹಿಂದೆ ಬರೀ ಆಕಾಶವಿದ್ದ ಕಡೆಯಿಂದ ಎಳೆಗಳಿರುವ ತುಂಡನ್ನು ಕಾಪಿ ಮಾಡಿ ತಿರುಗಿಸಿ ತಂದೆ. Levelsನಲ್ಲಿ ಆ ತುಂಡಿನ ಆಕಾಶ ಪೂರ್ತಿ ಬಿಳಿಯಾಗುವವರೆಗೆ ಎಳೆದು, ಲೇಯರನ್ನು Multiply ಮಾಡಿದೆ. ಬಿಳಿ ಮಾಯವಾಗಿ, ಎಳೆಗಳು ಮಾತ್ರ ಹೊಸ ಆಕಾಶದ ಮೇಲೆ ನಿಲ್ಲುತ್ತವೆ. ಬೆಳಕು ಬಿದ್ದು ಹೊಳೆಯುವ ಎಳೆಗಳಿಗೆ, ಮಲ್ಲಿಗೆ ಹೂವಿಗೆ ಇದು ನಡೆಯುವುದಿಲ್ಲ, ಅವೂ ಬಿಳಿಯ ಜೊತೆ ಹೋಗಿಬಿಡುತ್ತವೆ. ಹೂವಿನ ಅಂಚನ್ನು ಪೆನ್ ಟೂಲ್‌ನಲ್ಲೇ ಕತ್ತರಿಸಿದೆ. ಕೊನೆಗೆ ನೆತ್ತಿಯ ಮೇಲೆ ಎಳೆಯುವ ನಾಲ್ಕಾರು ಎಳೆಗಳಿಗೆ ನಾನೇ ಮಾಡಿಕೊಂಡ ಬ್ರಷ್ ಇದೆ. ಅದರ ಸೆಟ್ಟಿಂಗ್ ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಅದೇ ಸಾಲಿನ ಬೇರೆ ಫ್ರೇಮ್‌ನಲ್ಲಿ ಫೋಟೊಗ್ರಾಫರ್ ಒಂದು ಹೆಜ್ಜೆ ಸರಿದಿದ್ದ, ಕಂಬ ಭುಜದ ಆಚೆ ಹೋಗಿತ್ತು. ಎರಡನ್ನೂ Auto-Align Layers ಮಾಡಿ ನಿಜವಾದ ಹಿನ್ನೆಲೆಯನ್ನೇ ತರೋಣ ಅಂತ ನೋಡಿದೆ. ದೂರದ ತೆಂಗಿನ ತೋಟ ಸರಿಯಾಗಿ ಕೂತಿತು, ಹತ್ತಿರದ ಕಾಂಪೌಂಡ್ ಗೋಡೆ ಕೂರಲಿಲ್ಲ. ತೋಟದ ಗರಿಗಳನ್ನು ಅದರಿಂದಲೇ ತೆಗೆದುಕೊಂಡೆ, ಗೋಡೆಯನ್ನು ಹಳೆಯದರಲ್ಲೇ ಬಿಟ್ಟೆ.

ಎಲ್ಲ ಸೇರಿ ಮೂರು ಗಂಟೆ ಹಿಡಿಯಿತು, ಹದಿನೈದು ನೂರು ತೆಗೆದುಕೊಂಡೆ. ಎರಡನೇ ಪ್ರಿಂಟ್ ಈಗ ಅವರ ಹಾಲ್‌ನಲ್ಲಿದೆ. ಹತ್ತಿರ ನಿಂತು ನೋಡಿದವರಿಗೂ ಕಂಬದ ಜಾಗ ಸಿಕ್ಕಿಲ್ಲ.

ಮರದ ಕೊಂಬೆಯಾದರೆ ಇಷ್ಟು ಬೇಕಾಗಿಲ್ಲ. ಎಲೆಗಳ ಹಿಂದಿನ ಆಕಾಶವನ್ನು ಪೂರ್ತಿ ಕಟ್ಟುವುದು ದಂಡ. ತಲೆಗೆ ತಾಗುವ ಎರಡು ಬೆರಳಷ್ಟು ಜಾಗವನ್ನು ಮಾತ್ರ ಹೊಸ ಆಕಾಶ ಮಾಡಿ, ಕೊಂಬೆಯ ತುದಿಯನ್ನು ಎಲೆಗಳ ನಡುವೆ ಮುಗಿಸಿಬಿಡುತ್ತೇನೆ. ತಲೆಗೂ ಕೊಂಬೆಗೂ ನಡುವೆ ಬೆಳಕು ಕಂಡರೆ ಅದು ಹಿಂದಿನ ಮರ ಅಂತ ಕಣ್ಣಿಗೆ ತಾನಾಗಿ ತಿಳಿಯುತ್ತದೆ. ಇದಕ್ಕೆ ಅರ್ಧ ಗಂಟೆ ಸಾಕು, ಮುನ್ನೂರು ತೆಗೆದುಕೊಳ್ಳುತ್ತೇನೆ.